ಹೂಂ ಅನ್ನು

ಮಂಡ್ಯದ ಎಪಿಎಂಸಿಯಲ್ಲಿ 18 ಟನ್ ಅಚ್ಚುಬೆಲ್ಲ ತುಂಬಿ, ಎರಡು ಪದರ ಟಾರ್ಪಾಲು ಹೊದೆಸಿ ಹಗ್ಗ ಬಿಗಿಯುವಷ್ಟರಲ್ಲಿ ಸಿದ್ದರಾಜುವಿಗೆ ಸಂಜೆ ಏಳಾಯಿತು. ಬೆಲ್ಲಕ್ಕೆ ನೀರು ಸೋಕಿದರೆ ಜಿನುಗುತ್ತದೆ, ಇಳಿಸುವ ಕಡೆ ಬಾಡಿಗೆಯಲ್ಲೇ ಮುರಿದುಕೊಳ್ಳುತ್ತಾರೆ. ಹೊರಡುವ ಮುಂಚೆ ರಾಡು ಹಿಡಿದು ಹತ್ತೂ ಟೈರು ಬಡಿದ. ಜೋಡಿ ಟೈರಿನಲ್ಲಿ ಒಳಗಿನದು ಗಾಳಿ ಬಿಟ್ಟಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಸದ್ದು ಮಾತ್ರ ಮಂಕಾಗುತ್ತದೆ.

ಮಗಳು ಚಂದನಾಳ ಕಥೆಗಳು ಪೆನ್‌ಡ್ರೈವಿನಲ್ಲಿದ್ದವು. ಅವಳು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದ ಧ್ವನಿಯ `.opus` ಫೈಲುಗಳನ್ನು ಗಾಡಿಯ ಹಳೇ ಸೆಟ್ಟು ಓದುತ್ತಿರಲಿಲ್ಲ. ಮೊಬೈಲ್ ಅಂಗಡಿಯ ಹುಡುಗ `mp3` ಮಾಡಿ ಕೊಟ್ಟ. ಆಗ ಇನ್ನೊಂದು ತಾಪತ್ರಯ: ಸೆಟ್ಟು ಹೆಸರು ನೋಡದೆ ತುಂಬಿದ ಕ್ರಮದಲ್ಲೇ ಹಾಡುತ್ತಿತ್ತು, ನರಿ ಕಾಡಿಗೆ ವಾಪಸು ಹೋದಮೇಲೆ ಆಲೆಮನೆಗೆ ಬರುತ್ತಿತ್ತು. ಎಲ್ಲ ಅಳಿಸಿ ಒಂದೊಂದಾಗಿ ತುಂಬಿದ ಮೇಲೆ ಸರಿಹೋಯಿತು.

ನಿದ್ದೆ ಮಾಡಿಸುವ ಕಥೆಯನ್ನು ಡ್ರೈವರ್ ಕೇಳುವುದೇ ತಪ್ಪಲ್ಲವೇ? ಕ್ಲೀನರ್ ಮಾದೇಶ ತುಮಕೂರಿನ ಊಟ ಮುಗಿಸಿದವನು ಮೊದಲ ಕಥೆಗೇ ಗೊರಕೆ ಹೊಡೆಯುತ್ತಿದ್ದ. ಆದರೆ ಚಂದನಾ ಅಜ್ಜಿಯಿಂದ ಕಲಿತ ಹಾಗೆ ಪ್ರತಿ ಮಾತಿಗೂ ನಿಲ್ಲಿಸುತ್ತಿದ್ದಳು. “ನರಿ ಬಂತು. ಹೂಂ ಅನ್ನಪ್ಪ.” ಹೂಂ ತಪ್ಪಿತೋ, ಗಾಡಿ ಸೈಡಿಗೆ. ಅದು ಅವನೇ ಮಾಡಿಕೊಂಡ ಕಟ್ಟಳೆ. ಅರವತ್ತರ ವೇಗದಲ್ಲಿ ನಾಲ್ಕು ಸೆಕೆಂಡು ರೆಪ್ಪೆ ಕೂತರೆ ಗಾಡಿ ಸುಮಾರು 67 ಮೀಟರ್ ಮುಂದಕ್ಕೆ ಹೋಗಿರುತ್ತದೆ.

ಎರಡೂವರೆಗೆ ಶಿರಾ ದಾಟಿತ್ತು. ರಸ್ತೆ ನೆಟ್ಟಗೆ, ಎದುರಿಗೆ ಬೆಳಕಿಲ್ಲ.

“ನರಿ ಕೊಪ್ಪರಿಗೆ ಹತ್ರ ಬಂತು.”

“ಹೂಂ.”

“ಕಬ್ಬಿನ ಹಾಲು ಕುದೀತಿತ್ತು.”

“ಹೂಂ.”

“ನರಿ ಕೊಪ್ಪರಿಗೆಗೆ ಬಿತ್ತು.”

“ಹೂಂ,” ಅಂದವನ ಬೆನ್ನು ಸೆಟೆಯಿತು. ಈ ಕಥೆಯಲ್ಲಿ ನರಿ ಬೀಳುವುದೇ ಇಲ್ಲ! ಅದು ಬಾಲ ಅದ್ದಿ, ಸುಟ್ಟುಕೊಂಡು ಓಡುತ್ತದೆ. ಸೆಟ್ಟಿನಲ್ಲಿ ಮಗಳು ಆಗಲೇ ಕಬ್ಬಿನಗದ್ದೆಗೆ ಹೋಗಿದ್ದಳು. ಎಡಗಡೆಯ ಚಕ್ರಗಳು ಬಿಳಿ ಗೆರೆ ದಾಟಿ ಜಲ್ಲಿಯ ಮೇಲೆ ಗರಗರ ಅನ್ನುತ್ತಿದ್ದವು.

ಬ್ರೇಕು ತುಳಿಯಲಿಲ್ಲ, ತುಂಬಿದ ಗಾಡಿ, ಒಂದು ಕಡೆ ಜಲ್ಲಿ, ಒಂದು ಕಡೆ ಟಾರು, ಎಳೆದು ಬಿಡುತ್ತದೆ. ಆ್ಯಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ಗಟ್ಟಿ ಹಿಡಿದು, ಗೇರು ಇಳಿಸುತ್ತಾ ಮೆಲ್ಲಗೆ ಟಾರಿಗೆ ತಂದ. ಮುಂದಿನ ಪೆಟ್ರೋಲ್ ಬಂಕಿನ ಮೂಲೆಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಮಾದೇಶನ ಕಾಲು ಸರಿಸಿ ಮಲಗಿದ.

ಏಳು ಗಂಟೆಗೆ ಮಗಳ ಫೋನು.

“ಎಲ್ಲಿದ್ದೀಯಪ್ಪ?”

“ಹಿರಿಯೂರು ಇನ್ನೂ ಮುಂದೈತೆ ಕನವ್ವ. ನಿನ್ನ ನರಿ ಕೊಪ್ಪರಿಗೆಗೆ ಬಿದ್ಬುಡ್ತು, ನಿಲ್ಲಿಸ್ದೆ.”

“ಬೀಳಲ್ಲ ಅದು! ನೀನು ಸರಿಯಾಗ್ ಕೇಳ್ತಿಲ್ಲ, ಬುಡು.”

“ಹೂಂ.”

“ಸುಮ್ಮನೆ ಹೂಂ ಅನ್ಬೇಡ. ಇನ್ಮೇಲೆ ನಾನು ನಡುವೆ ಪ್ರಶ್ನೆ ಕೇಳ್ತೀನಿ, ಉತ್ರ ಹೇಳ್ಬೇಕು.”