ಬೆಳದಿಂಗಳಿಗೆ ದೀಪ

ಕಾರ್ತಿಕ ಹುಣ್ಣಿಮೆಯ ಹಿಂದಿನ ದಿನ ಬಾಬುವಿಗೆ ಕೆಲಸ ಇರಲಿಲ್ಲ. ಬೆಳದಿಂಗಳಿರುವ ರಾತ್ರಿ ಬೀದಿದೀಪ ಹಚ್ಚಿದರೆ ಚಿಮಿಣಿ ಎಣ್ಣೆ ದಂಡ ಎಂದು ಮುನ್ಸಿಪಾಲಿಟಿಯ ಲೆಕ್ಕ. ಮೋಡ ಕವಿದರೂ ಅಷ್ಟೇ. ಕತ್ತಲಲ್ಲಿ ಎಡವಿದವರು ಬೈಯುವುದು ಮಾತ್ರ ಬಾಬುವಿಗೆ.

ಕರೆಂಟ್ ದೀಪ ಉರಿಸಲು ದೊಡ್ಡವರು ಆರಿಸಿದ್ದೂ ಅದೇ ರಾತ್ರಿ.

"ಪಂಚಾಂಗ ನೋಡುವವರು ಒಬ್ಬರೂ ಸಿಗಲಿಲ್ವಾ?" ಎಂದು ಹೆಂಡತಿಯ ಹತ್ತಿರ ನಗಾಡಿ ರಥಬೀದಿಗೆ ಹೊರಟ. ಅಭ್ಯಾಸಬಲ, ಏಣಿ ಹೆಗಲ ಮೇಲೆಯೇ ಇತ್ತು.

ರಥಬೀದಿಯಿಂದ ಹಂಪನಕಟ್ಟೆಯ ತನಕ ಜನವೋ ಜನ. ಹೆಂಚಿನ ಕಾರ್ಖಾನೆಯಿಂದ ನೇರ ಬಂದವರ ಕಾಲಲ್ಲಿ ಇನ್ನೂ ಕೆಂಪು ಮಣ್ಣು. ಬಂದರಿನ ಹಮಾಲಿಗಳು, ಮಲ್ಲಿಗೆ ಮುಡಿದ ಹೆಂಗಸರು, ಅಪ್ಪಂದಿರ ಹೆಗಲೇರಿದ ಮಕ್ಕಳು. ಬಾಬು ತನ್ನ ಹಳೆಯ ಕಂಬಕ್ಕೆ ಏಣಿ ಒರಗಿಸಿ ನಿಂತ. ಆ ಕಂಬದ ದೀಪದ ಗಾಜಿನ ಮೂಲೆಯಲ್ಲಿ ಒಂದು ಬಿರುಕಿತ್ತು. ದಿನಾ ಬೂದಿ ಹಾಕಿ ಮಸಿ ಉಜ್ಜುವಾಗ ಬೆರಳು ತಾನಾಗಿಯೇ ಆ ಜಾಗ ತಪ್ಪಿಸುತ್ತಿತ್ತು. ಬತ್ತಿಯ ಕರಿ ಕತ್ತರಿಸಬೇಕು, ಎಣ್ಣೆ ಅಳೆದು ಹೊಯ್ಯಬೇಕು. ಒಂದು ತೊಟ್ಟು ಹೆಚ್ಚುಕಮ್ಮಿ ಆದರೂ ಕದ್ದ ಎನ್ನುತ್ತಾರೆ. (ಸ್ವಲ್ಪ ಕದ್ದದ್ದೂ ಉಂಟು. ಮನೆಯಲ್ಲೂ ರಾತ್ರಿ ಆಗುತ್ತದಲ್ವಾ?)

ಭಾಷಣ ಮುಗಿಯಿತು. ಯಾರೋ ಎಲ್ಲೋ ಗುಂಡಿ ಒತ್ತಿದರು.

ಬೀದಿಯಿಡೀ ಒಮ್ಮೆಲೇ ಹೊತ್ತಿಕೊಂಡಿತು. ಜನ ಹೋ ಎಂದರು. ಬಾಬುವಿಗೆ ಬಾಯೇ ಬರಲಿಲ್ಲ. ಬೆಳಕು ಅವನಿಗೆ ಹೊಸತಲ್ಲ, ಬೆಳದಿಂಗಳಲ್ಲಿ ಅದು ಅಂಥ ಜೋರಾಗಿಯೂ ಕಾಣಲಿಲ್ಲ. ಆದರೆ ಅವನು ಹಚ್ಚುವಾಗ ದೇವಸ್ಥಾನದ ಎದುರಿಗೆ ಮೊದಲು ಬೆಳಕು, ಹಂಪನಕಟ್ಟೆಯ ಚಾ ಅಂಗಡಿಗೆ ಕೊನೆಗೆ. ಚಾ ಅಂಗಡಿಯ ಭಟ್ಟರು ವರ್ಷಗಟ್ಟಲೆ ಜಗಳ ಆಡಿದ್ದರು: "ನಾಳೆಯಾದರೂ ಈ ಕಡೆಯಿಂದ ಶುರು ಮಾಡು ಮಾರಾಯ." ಇಲ್ಲಿ ಮೊದಲ ಕಂಬ, ಕೊನೆಯ ಕಂಬ ಎಂಬುದೇ ಇಲ್ಲ. ಇನ್ನು ಭಟ್ಟರು ಯಾರ ಹತ್ತಿರ ಜಗಳ ಆಡುವುದು?

ಬಲ್ಬಿನ ಸುತ್ತ ಆಗಲೇ ಹುಳ ಮುತ್ತಿದ್ದವು. ಹತ್ತಿರ ಹೋದವು ಸುಟ್ಟು ಬೀಳಲಿಲ್ಲ, ಗಾಜಿಗೆ ಡಿಕ್ಕಿ ಹೊಡೆದು ಪುನಃ ಬಂದವು.

"ಏಣಿ ಯಾಕೆ ತಂದಿದ್ದಿ?" ಬೆನ್ನ ಹಿಂದೆ ಮೇಸ್ತ್ರಿ.

"ಸುಮ್ನೆ."

"ತಂದದ್ದು ಒಳ್ಳೆಯದೇ ಆಯಿತು. ತಂತಿ ಇಲ್ಲಿಗೇ ಮುಗಿಯಿತು. ಬೋಳಾರದ ಕಡೆ ಹೊಸ ಮನೆಗಳು ಎದ್ದಿವೆ, ಅಲ್ಲಿಗೆ ದೀಪ ಬೇಕಂತೆ. ಇಲ್ಲಿಯ ಎಣ್ಣೆದೀಪ ಕಿತ್ತು ಅಲ್ಲಿ ಹಾಕುವುದು. ಹುಣ್ಣಿಮೆ ಕಳೆದ ಮೇಲೆ ನೀನೇ ಹೋಗು."

ಬಾಬು ಬಲ್ಬನ್ನೂ ಚಂದ್ರನನ್ನೂ ಒಮ್ಮೆ ನೋಡಿದ.

"ಬೋಳಾರ ದೂರ ಆಯಿತು ಮೇಸ್ತ್ರಿಯವರೇ. ತಿಂಗಳಿಗೆ ಎಂಟಾಣೆ ಜಾಸ್ತಿ ಕೊಡಿ."

"ಎಲ್ಲಿಂದ ಕೊಡುವುದು?"

"ಬೆಳದಿಂಗಳಿಗೂ ದೀಪ ಉರಿಸಲಿಕ್ಕೆ ದುಡ್ಡು ಉಂಟಲ್ಲ!"

ಮೇಸ್ತ್ರಿ ನಗು ತಡೆದುಕೊಂಡರು. "ನಾಲ್ಕಾಣೆ ಕೇಳಿ ನೋಡುತ್ತೇನೆ."

"ಆರಾಣೆ. ಮತ್ತೆ ಒಂದು ಹೊಸ ಏಣಿ. ಇದರ ಮೂರನೇ ಮೆಟ್ಟಿಲು ಅಲ್ಲಾಡುತ್ತದೆ."