ಥೈರಾಯ್ಡ್ ಮಾತ್ರೆಯ ಚೀಟಿ: ಏಳು ಫೋಟೋಗಳದ್ದೂ ಕನ್ನಡದಲ್ಲಿ

ಚಿಕ್ಕಮ್ಮ,

ಮಾತ್ರೆ ಡಬ್ಬಿಯ ಜೊತೆ ಬಂದ ಚೀಟಿಯನ್ನು ಕನ್ನಡದಲ್ಲಿ ಹೇಳು ಅಂತ ನೀವು ಕಳಿಸಿದ ಏಳೂ ಫೋಟೋಗಳನ್ನು ದೊಡ್ಡದು ಮಾಡಿ ಓದಿದೆ. ಮೂರನೆಯದರಲ್ಲಿ ಮಡಿಕೆ ಬಿದ್ದ ಕಡೆ ಒಂದು ಸಾಲು ಕಾಣುತ್ತಿರಲಿಲ್ಲ. ನಿನ್ನೆ ರಾತ್ರಿ ಚೀಟಿಯನ್ನು ಮೇಜಿನ ಮೇಲೆ ಒತ್ತಿ ಹಿಡಿದು ಮತ್ತೆ ತೆಗೆದಿರಲ್ಲ, ಅದರಲ್ಲಿ ಸಿಕ್ಕಿತು. ಯಾವ ಭಾಗವನ್ನೂ ಬಿಟ್ಟಿಲ್ಲ. ನನ್ನ ಮಾತಿದ್ದ ಕಡೆ ‘ನಾನು’ ಅಂತ ಬರೆದಿದ್ದೇನೆ. ಉಳಿದದ್ದೆಲ್ಲ ಚೀಟಿಯದ್ದೇ.

ಫೋಟೋ 1. ಲೆವೋಥೈರಾಕ್ಸಿನ್ ಸೋಡಿಯಂ ಮಾತ್ರೆ, 50 ಮೈಕ್ರೋಗ್ರಾಂ. ಚೌಕಟ್ಟಿನೊಳಗೆ ದಪ್ಪ ಅಕ್ಷರದಲ್ಲಿ: ಬೊಜ್ಜು ಕರಗಿಸಲು, ತೂಕ ಇಳಿಸಲು ಈ ಮಾತ್ರೆ ಬಳಸಬಾರದು. ಜಾಸ್ತಿ ಪ್ರಮಾಣದಲ್ಲಿ ತೆಗೆದುಕೊಂಡರೆ ಜೀವಕ್ಕೇ ಅಪಾಯ ಆಗಬಹುದು.

ನಾನು: ನೀವು ಹೆದರಿದ್ದು ಈ ಚೌಕಟ್ಟು ನೋಡಿ ಅಲ್ವಾ? ತೂಕ ಇಳಿಸೋಕೆ ಅಂತ ನುಂಗುವವರಿಗೆ ಹೇಳಿದ್ದು ಅದು. ನಿಮಗೆ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಜಾಸ್ತಿ ಬಂದಿದ್ದಕ್ಕೆ, ಅಂದರೆ ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿರುವುದಕ್ಕೆ, ಡಾಕ್ಟರು ಬರೆದುಕೊಟ್ಟಿದ್ದಾರೆ. ಸುಮ್ನೆ ಹೆದರಿ ಬಿಡಬೇಡಿ.

ಫೋಟೋ 2. ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನು ಮಾಡದಿದ್ದಾಗ ಅದರ ಬದಲಿಗೆ ಕೊಡುವ ಮಾತ್ರೆ. ಅಡ್ರಿನಲ್ ಗ್ರಂಥಿಯ ತೊಂದರೆಗೆ ಚಿಕಿತ್ಸೆ ಆಗದವರು, ಥೈರಾಯ್ಡ್ ಹಾರ್ಮೋನು ಈಗಾಗಲೇ ಜಾಸ್ತಿ ಇರುವವರು, ಈಚೆಗೆ ಹೃದಯಾಘಾತ ಆದವರು, ಮಾತ್ರೆಯಲ್ಲಿರುವ ಯಾವುದಾದರೂ ವಸ್ತು ಒಗ್ಗದವರು ತೆಗೆದುಕೊಳ್ಳಬಾರದು. ಹೃದ್ರೋಗ, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಬೇಕು.

ಫೋಟೋ 3. ದಿನಕ್ಕೆ ಒಂದು ಸಲ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು, ನೀರಿನ ಜೊತೆ. ಡಾಕ್ಟರು ಹೇಳದೆ ಪ್ರಮಾಣ ಬದಲಿಸಬಾರದು, ನಿಲ್ಲಿಸಬಾರದು. ಮಡಿಕೆಯಲ್ಲಿದ್ದ ಸಾಲು ಇದು: ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಮತ್ತು ಆಸಿಡಿಟಿ ಔಷಧಿಗೂ ಇದಕ್ಕೂ 4 ಗಂಟೆ ಅಂತರ ಇರಬೇಕು.

ನಾನು: ನಿಮಗೆ ಎಲ್ಲಕ್ಕಿಂತ ಬೇಕಾದ ಸಾಲು ಇದೇ, ಚಿಕ್ಕಮ್ಮ. ಮಂಡಿ ನೋವಿಗೆ ಬರೆದುಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನೂ ಬೆಳಿಗ್ಗೆ ಇದರ ಜೊತೆಗೇ ನುಂಗುತ್ತೀರಿ. ಕ್ಯಾಲ್ಸಿಯಂ ಇದನ್ನು ಹೊಟ್ಟೆಯಲ್ಲೇ ಹಿಡಿದುಬಿಡುತ್ತದೆ, ಮೈಗೆ ಸರಿಯಾಗಿ ಹತ್ತುವುದಿಲ್ಲ. ಅದನ್ನು ರಾತ್ರಿ ಊಟದ ಹೊತ್ತಿಗೆ ಹಾಕಿಕೊಳ್ಳಿ. ಕಾಫಿಯೂ ಅಡ್ಡ ಬರುತ್ತದೆ, ಒಂದು ಗಂಟೆ ತಡೆಯಿರಿ. ಈಗಿನವರೆಗೆ ಒಟ್ಟಿಗೆ ತಗೊಳ್ತಿದ್ದೆ ಅಂತ ಡಾಕ್ಟರಿಗೂ ಹೇಳಿ. ಅಂತರ ಬಿಟ್ಟ ಮೇಲೆ ಮಾತ್ರೆ ಮೊದಲಿಗಿಂತ ಜಾಸ್ತಿ ಹತ್ತಬಹುದು, ಟಿಎಸ್‌ಎಚ್ ಮತ್ತೆ ನೋಡಬೇಕಾಗುತ್ತದೆ.

ಫೋಟೋ 4. ಬೇರೆ ಔಷಧಿಗಳ ಜೊತೆ: ರಕ್ತ ತೆಳುವಾಗಿಸುವ ವಾರ್ಫರಿನ್‌ನ ಪರಿಣಾಮ ಜಾಸ್ತಿ ಆಗಬಹುದು. ಇನ್ಸುಲಿನ್ ಮತ್ತು ಸಕ್ಕರೆ ಮಾತ್ರೆಗಳ ಪ್ರಮಾಣ ಹೆಚ್ಚಿಸಬೇಕಾಗಬಹುದು. ಫಿಟ್ಸ್ ಬರುವವರಿಗೆ ಕೊಡುವ ಕೆಲವು ಔಷಧಿಗಳಿಂದ ಈ ಮಾತ್ರೆಯ ಪ್ರಮಾಣ ಬದಲಾಗಬಹುದು. ಸೋಯಾ, ನಾರು ಜಾಸ್ತಿ ಇರುವ ಆಹಾರದಿಂದ ಮಾತ್ರೆ ಕಡಿಮೆ ಹತ್ತಬಹುದು. ಬಯೋಟಿನ್ ತೆಗೆದುಕೊಂಡರೆ ರಕ್ತಪರೀಕ್ಷೆಯ ಫಲಿತಾಂಶ ತಪ್ಪಾಗಿ ಬರಬಹುದು.

ನಾನು: ಕೂದಲು ಉದುರುತ್ತೆ ಅಂತ ತಂದ ಮಾತ್ರೆಯ ಡಬ್ಬಿ ತಿರುಗಿಸಿ ನೋಡಿ. ಬಯೋಟಿನ್ ಇದ್ದರೆ ರಕ್ತ ಕೊಡುವ ಮೊದಲೇ ಲ್ಯಾಬಿನವರಿಗೆ ಹೇಳಿ.

ಫೋಟೋ 5. ಅಡ್ಡಪರಿಣಾಮಗಳು. ಹೆಚ್ಚಿನವು ಪ್ರಮಾಣ ಜಾಸ್ತಿಯಾದಾಗ ಕಾಣುತ್ತವೆ: ಎದೆ ಬಡಿತ ಜೋರಾಗುವುದು ಅಥವಾ ತಾಳ ತಪ್ಪುವುದು, ಎದೆನೋವು, ಉಸಿರು ಕಟ್ಟಿದಂತಾಗುವುದು, ಕೈ ನಡುಗುವುದು, ಬೆವರು, ಸೆಕೆ ತಡೆಯಲಾಗದಿರುವುದು, ಜ್ವರ, ತಲೆನೋವು, ನಿದ್ದೆ ಬಾರದಿರುವುದು, ಚಡಪಡಿಕೆ, ಸಿಡುಕು, ಹಸಿವು ಹೆಚ್ಚುವುದು, ತೂಕ ಇಳಿಯುವುದು, ಭೇದಿ, ವಾಂತಿ, ಹೊಟ್ಟೆ ಹಿಡಿದುಕೊಳ್ಳುವುದು, ಸ್ನಾಯುಗಳಲ್ಲಿ ಸುಸ್ತು, ಮುಟ್ಟು ಏರುಪೇರಾಗುವುದು. ಮೊದಲ ಕೆಲವು ತಿಂಗಳು ಸ್ವಲ್ಪ ಕೂದಲು ಉದುರಬಹುದು, ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ಫಿಟ್ಸ್ ಅಪರೂಪ. ಮೈಮೇಲೆ ದದ್ದು, ತುರಿಕೆ, ಮುಖ ಊದುವುದು ಒಗ್ಗದಿರುವುದರ ಲಕ್ಷಣ. ಮುಟ್ಟು ನಿಂತ ಹೆಂಗಸರಲ್ಲಿ ಬಹುಕಾಲ ಪ್ರಮಾಣ ಜಾಸ್ತಿಯಾದರೆ ಮೂಳೆ ಸವೆಯಬಹುದು.

ನಾನು: ಪಟ್ಟಿ ಉದ್ದ ಇದೆ ಅಂತ ಗಾಬರಿಯಾಗಬೇಡಿ. ಇವೆಲ್ಲ ಒಬ್ಬರಿಗೇ ಬರುವುದಿಲ್ಲ. ಆದರೆ ಎದೆನೋವು, ಉಸಿರು ಕಟ್ಟುವುದು, ಮುಖ ಊದುವುದು ಆದರೆ ನನಗೆ ಫೋನ್ ಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಿ.

ಫೋಟೋ 6. ಮರೆತರೆ ಮರುದಿನ ಎರಡು ನುಂಗಬಾರದು. ಜಾಸ್ತಿ ನುಂಗಿದರೆ ಲಕ್ಷಣಗಳು ಕೆಲವು ದಿನ ಬಿಟ್ಟೂ ಕಾಣಿಸಬಹುದು, ತಕ್ಷಣ ಡಾಕ್ಟರನ್ನು ನೋಡಬೇಕು. ಬಸುರಿನಲ್ಲಿ ನಿಲ್ಲಿಸಬಾರದು, ಪ್ರಮಾಣ ಹೆಚ್ಚಿಸಬೇಕಾಗಬಹುದು. ಹಾಲೂಡಿಸುವವರು ಡಾಕ್ಟರನ್ನು ಕೇಳಬೇಕು.

ಫೋಟೋ 7. ಇಡುವ ರೀತಿ. 25 ಡಿಗ್ರಿ ಸೆಲ್ಸಿಯಸ್ ಮೀರದ ಜಾಗದಲ್ಲಿ, ಬೆಳಕು ಮತ್ತು ತೇವ ತಾಕದಂತೆ ಇಡಬೇಕು. ಮುಚ್ಚಳ ಬಿಗಿಯಾಗಿರಲಿ. ಮಾತ್ರೆಯನ್ನು ಮೂಲ ಡಬ್ಬಿಯಲ್ಲೇ ಇಡಬೇಕು. ಮಕ್ಕಳ ಕೈಗೆ ಸಿಗಬಾರದು. ಅವಧಿ ಮುಗಿದ ಮೇಲೆ ಬಳಸಬಾರದು. ಕೊನೆಯ ಸಾಲು: ಲ್ಯಾಕ್ಟೋಸ್ ಇದೆ, 100 ಮಾತ್ರೆಗಳ ಡಬ್ಬಿ.

ನಾನು: ಫೋಟೋದ ಮೂಲೆಯಲ್ಲಿ ನಿಮ್ಮ ಡಬ್ಬಿ ಕಂಡಿತು, ಒಲೆ ಪಕ್ಕದ ಗೂಡಿನಲ್ಲಿ, ಕುಕ್ಕರಿನ ಹಬೆ ಬಡಿಯುವ ಕಡೆ. ರಾಯಚೂರಿನ ಬಿಸಿಲಿಗೆ ಅಡುಗೆಮನೆ ಹೇಗೆ ಕಾಯುತ್ತದೆ ಅಂತ ನಿಮಗೇ ಗೊತ್ತು. ಮಲಗುವ ಕೋಣೆಯ ಬೀರುವಿನ ಕೆಳಗಿನ ಖಾನೆಗೆ ಇವತ್ತೇ ಎತ್ತಿಡಿ. ಬೇಸಿಗೆಯಲ್ಲಿ ಅಲ್ಲೂ ಕಾದರೆ ಏನು ಮಾಡಬೇಕು ಅಂತ ಔಷಧಿ ಅಂಗಡಿಯವರನ್ನು ಕೇಳಿ. ಡಬ್ಬಿಯೊಳಗಿನ ಪುಟ್ಟ ಪೊಟ್ಟಣ ತೇವ ಹೀರುವುದಕ್ಕೆ ಇರುವುದು, ಎಸೆಯಬೇಡಿ, ತಿನ್ನಲೂಬೇಡಿ. ಅವಧಿ ಮುಗಿಯುವ ತಾರೀಕು ಡಬ್ಬಿಯ ಮೇಲಿರುತ್ತದೆ. ಅದರದ್ದೊಂದು ಫೋಟೋ ಕಳಿಸಿ, ಓದಿ ಹೇಳುತ್ತೇನೆ.