ಪುಟ್ಟಿಗೆ ಅಜ್ಜಿಯ ಕಾಗದ

ಮೂಡಿಗೆರೆ

ಪ್ರೀತಿಯ ಪುಟ್ಟಿಗೆ ಅಜ್ಜಿಯ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮೊಣಕಾಲು ನೋವು ಸ್ವಲ್ಪ ಕಡಿಮೆ ಆಗಿದೆ.

ಮೊನ್ನೆ ಮದುವೆ ಮನೆಯಲ್ಲಿ ನಿನ್ನನ್ನು ನೋಡುತ್ತಲೇ ಇದ್ದೆ. ದೊಡ್ಡಪ್ಪನ ಮಕ್ಕಳು ಫೋಟೋಗೆ ಕರೆದಾಗ ನೀನು ಹಿಂದೆ ಸರಿದೆ. ಕೂದಲು ಮುಂದೆ ಎಳೆದು ಓಲೆ ಮುಚ್ಚಿಕೊಂಡೆ. ನನಗೆ ಸಂಕಟ ಆಯಿತು ಕಣೇ. ಆ ಓಲೆ ನಿನ್ನಮ್ಮ ತಿಂಗಳು ತಿಂಗಳು ಚೀಟಿ ಕಟ್ಟಿ ಮಾಡಿಸಿದ್ದು. ಅಂದಿನ ಒಡವೆಗಳಲ್ಲಿ ನನ್ನ ಕಣ್ಣಿಗೆ ಅದೇ ಚೆಂದ ಕಂಡಿತು.

ಅವರಿಗೆ ತೋಟ ಜಾಸ್ತಿ, ಕಾರು ದೊಡ್ಡದು, ನಿಜ. ಅವರೂ ನನ್ನ ಮೊಮ್ಮಕ್ಕಳೇ, ಚೆನ್ನಾಗಿರಲಿ. ಆದರೆ ಹೂಮಳೆ ಕೈಕೊಟ್ಟ ವರ್ಷ ಕಾಫಿ ಫಸಲಿನ ಚಿಂತೆಯಲ್ಲಿ ನಿನ್ನ ದೊಡ್ಡಪ್ಪ ರಾತ್ರಿಯೆಲ್ಲ ಜಗಲಿಯಲ್ಲಿ ಓಡಾಡುತ್ತಾನೆ. ಅದು ಫೋಟೋದಲ್ಲಿ ಕಾಣುವುದಿಲ್ಲ ಅಲ್ವಾ?

ನಿನಗೆ ಇಷ್ಟವಾದ ಕೆಲಸ ಇದೆ. ಸಾಲ ಇಲ್ಲ. ಹೊಟ್ಟೆ ತುಂಬ ಉಂಡು ನೆಮ್ಮದಿಯಾಗಿ ಮಲಗುತ್ತೀಯ. ಇದೇನು ಕಡಿಮೆಯಾ? ಅವರ ಜೊತೆ ಅಳೆದುಕೊಂಡು ಸುಮ್ನೆ ಕೊರಗಬೇಡ, ನನ್ನವ್ವಾ.

ಯುಗಾದಿಗೆ ತಪ್ಪದೆ ಬಾ. ಅವರೂ ಬರುತ್ತಾರೆ. ಒಬ್ಬಟ್ಟು ಮಾಡುತ್ತೇನೆ, ಎಲ್ಲರೂ ಒಟ್ಟಿಗೆ ಕೂತು ಉಣ್ಣೋಣ. ಬಸ್ ಹತ್ತುವಾಗ ಫೋನ್ ಮಾಡು.

ಇಂತಿ ನಿನ್ನ ಅಜ್ಜಿ